ಲೋಲಕವನ್ನು 90 ಡಿಗ್ರಿಯಿಂದ ಬಿಟ್ಟಾಗ

ಲೋಲಕ ಒಮ್ಮೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ಶಾಲೆಯಲ್ಲಿ ಎಲ್ಲರೂ ಒಂದು ಸೂತ್ರ ಕಲಿತಿರುತ್ತೇವೆ. ಲೋಲಕದ ಉದ್ದ l, ಗುರುತ್ವ ವೇಗೋತ್ಕರ್ಷ g ಆದರೆ ಆವರ್ತಕಾಲ 2π√(l/g). ಒಂದು ಮೀಟರ್ ಉದ್ದದ ಲೋಲಕಕ್ಕೆ ಇದು 2.01 ಸೆಕೆಂಡು ಎನ್ನುತ್ತದೆ. ಸೂತ್ರದ ಪಕ್ಕದಲ್ಲೇ ಪಠ್ಯಪುಸ್ತಕ ಒಂದು ಷರತ್ತನ್ನೂ ಬರೆದಿರುತ್ತದೆ: ತೂಗಾಟದ ಕೋನ ಚಿಕ್ಕದಾಗಿರಬೇಕು. ಆ ಷರತ್ತನ್ನು ಪರೀಕ್ಷೆ ಮುಗಿದ ಮೇಲೆ ಬಹುಪಾಲು ಮಂದಿ ಮರೆತುಬಿಡುತ್ತಾರೆ. ಕೋನ ಚಿಕ್ಕದಲ್ಲದಿದ್ದರೆ ಏನಾಗುತ್ತದೆ? ಹಗುರವಾದ ಸರಳಿನ ತುದಿಗೆ ಗುಂಡು ಕಟ್ಟಿ, ಸರಳು ನೆಲಕ್ಕೆ ಸಮಾಂತರವಾಗುವಷ್ಟು ಎತ್ತಿ, ಅಂದರೆ 90 ಡಿಗ್ರಿಯಿಂದ ಬಿಟ್ಟರೆ ಅದು ಹೋಗಿ ಬರಲು ಎಷ್ಟು ಹೊತ್ತು?

ತೂಗಾಟ ದೊಡ್ಡದಾದರೂ ಚಿಕ್ಕದಾದರೂ ಹಿಡಿಯುವ ಕಾಲ ಒಂದೇ ಎಂದು ಗೆಲಿಲಿಯೊ ನಂಬಿದ್ದ. ಅದು ನಿಜವಲ್ಲ. 17ನೇ ಶತಮಾನದಲ್ಲಿ ಲೋಲಕದ ಗಡಿಯಾರ ಮಾಡಿದ ಹಾಯ್ಗೆನ್ಸ್‌ಗೆ ದೊಡ್ಡ ತೂಗಾಟ ನಿಧಾನ ಎಂಬುದು ಚೆನ್ನಾಗಿ ಗೊತ್ತಿತ್ತು. ಎಷ್ಟು ನಿಧಾನ ಎಂಬ ಲೆಕ್ಕಕ್ಕೆ ಕೈ ಹಾಕಿದರೆ ಒಂದು ತೊಡಕಿನ ಅನುಕಲ, ಅಂದರೆ ಇಂಟಿಗ್ರಲ್, ಎದುರಾಗುತ್ತದೆ. ಅದನ್ನು ಬಿಡಿಸುವ ದಾರಿಯೇ ಈ ಲೇಖನದ ವಿಷಯ.

ಲೆಕ್ಕ ಶಕ್ತಿಯಿಂದ ಶುರುವಾಗುತ್ತದೆ. ಸರಳು ಲಂಬದಿಂದ θ ಕೋನದಲ್ಲಿದ್ದಾಗ ಗುಂಡು ಬಿಟ್ಟ ಎತ್ತರಕ್ಕಿಂತ l cosθ ನಷ್ಟು ಕೆಳಗಿರುತ್ತದೆ. ಕಳೆದುಕೊಂಡ ಎತ್ತರವೇ ವೇಗವಾಗುವುದರಿಂದ, ಕೋನ ಬದಲಾಗುವ ದರ √(2g cosθ / l) ಆಗುತ್ತದೆ. ಲಂಬದಿಂದ ತುದಿಯವರೆಗಿನ ಕಾಲು ತೂಗಾಟದ ಹೊತ್ತು ಬೇಕಾದರೆ ಆ ದರದಿಂದ ಭಾಗಿಸಿ 0ಯಿಂದ 90 ಡಿಗ್ರಿಯವರೆಗೆ ಕೂಡಿಸಬೇಕು. ಸ್ಥಿರಾಂಕಗಳನ್ನು ಹೊರಗೆ ತೆಗೆದರೆ ಉಳಿಯುವುದು ಇಷ್ಟು:

```
I = ∫ dθ / √cosθ      (θ = 0 ಯಿಂದ π/2 ವರೆಗೆ)
T = 4 √(l/2g) × I
```

ನೋಡಲು ಪುಟ್ಟ ಅನುಕಲ. ಆದರೆ 1/√cosθ ಯಾವುದರ ಅವಕಲನದಿಂದ ಬಂದಿರಬಹುದು ಎಂದು ಹುಡುಕುತ್ತ ಹೊರಟರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಸೈನ್, ಕೊಸೈನ್, ಲಾಗ್, ವರ್ಗಮೂಲ ಇವನ್ನೆಲ್ಲ ಹೇಗೆ ಜೋಡಿಸಿದರೂ ಅಂಥ ಫಲನ ಸಿಗುವುದಿಲ್ಲ. ಹಾಗಾದರೆ ಪಟ್ಟಿಗಳಾಗಿ ಸೀಳಿ ಕೂಡಿಸೋಣ ಎಂದರೆ ಇನ್ನೊಂದು ತೊಂದರೆ ಕಾದಿದೆ. θ 90 ಡಿಗ್ರಿಗೆ ಹತ್ತಿರವಾದಂತೆ cosθ ಸೊನ್ನೆಯಾಗುತ್ತದೆ, ಅದನ್ನು ಛೇದದಲ್ಲಿಟ್ಟ 1/√cosθ ಅನಂತಕ್ಕೆ ಏರುತ್ತದೆ. ರೇಖೆಯ ಕೆಳಗಿನ ವಿಸ್ತೀರ್ಣ ಪರಿಮಿತವೇ, ಆದರೆ ಅದರ ಗಣನೀಯ ಪಾಲು ಆ ಕೊನೆಯ ಮೂಲೆಯಲ್ಲಿ ಅಡಗಿದೆ. ನೂರು ಸಮಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯ ನಡುವಿನ ಎತ್ತರ ಹಿಡಿದು ಕೂಡಿಸಿದರೆ ಸುಮಾರು 2.55 ಬರುತ್ತದೆ. ನಿಜವಾದ ಬೆಲೆ 2.62. ನೂರು ಪಟ್ಟಿಗಳ ದುಡಿಮೆಗೆ ಇದು ಬಹಳ ಕಡಿಮೆ ಪ್ರತಿಫಲ. ಪಟ್ಟಿಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದರೂ ದೋಷ ಅರ್ಧಕ್ಕೆ ಮಾತ್ರ ಇಳಿಯುತ್ತದೆ.

ಇಲ್ಲಿ ನೆರವಿಗೆ ಬರುವುದು ಬೇರೊಂದು ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಸಾಧನ. 1729ರಲ್ಲಿ, ಇನ್ನೂ 22ರ ಹರೆಯದ ಲಿಯೊನಾರ್ಡ್ ಆಯ್ಲರ್ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಕ್ರಿಶ್ಚಿಯನ್ ಗೋಲ್ಡ್‌ಬಾಖ್‌ಗೆ ಒಂದು ಪತ್ರ ಬರೆದ. 1, 2, 6, 24, 120 ಎಂದು ಬೆಳೆಯುವ ಫ್ಯಾಕ್ಟೋರಿಯಲ್‌ಗಳ ಸಾಲಿನಲ್ಲಿ ಪೂರ್ಣಾಂಕಗಳ ನಡುವೆ ಏನಿರಬೇಕು, ಅರ್ಧದ ಫ್ಯಾಕ್ಟೋರಿಯಲ್ ಎಷ್ಟು ಎಂಬುದು ಅದರ ಪ್ರಶ್ನೆ. ಆಯ್ಲರ್ ಕಂಡ ಉತ್ತರದಲ್ಲಿ π ಇಣುಕಿತು: ಅರ್ಧದ ಫ್ಯಾಕ್ಟೋರಿಯಲ್ √π/2. π ಬಂದ ಕಡೆ ವೃತ್ತದ ವಿಸ್ತೀರ್ಣದಂಥ ಯಾವುದೋ ಅನುಕಲ ಇರಬೇಕೆಂದು ಊಹಿಸಿ, ಫ್ಯಾಕ್ಟೋರಿಯಲ್ಲನ್ನೇ ಅನುಕಲವಾಗಿ ಬರೆಯುವ ದಾರಿಯನ್ನು ಅವನು ಹಿಡಿದ. ಇಂದು ನಾವು ಅದನ್ನು ಬರೆಯುವುದು ಹೀಗೆ:

```
Γ(s) = ∫ x^(s−1) e^(−x) dx      (x = 0 ಯಿಂದ ∞ ವರೆಗೆ)
```

ಇದೇ ಗ್ಯಾಮಾ ಫಲನ. Γ ಎಂಬ ಗುರುತು ಕೊಟ್ಟವನು ಮುಂದೆ ಬಂದ ಫ್ರಾನ್ಸಿನ ಲೆಜಾಂಡ್ರ್. ಇದನ್ನು ಒಮ್ಮೆ ಭಾಗಶಃ ಅನುಕಲಿಸಿದರೆ Γ(s+1) = s Γ(s) ಎಂಬ ನಂಟು ಸಿಗುತ್ತದೆ. Γ(1) = 1 ಆದ್ದರಿಂದ Γ(2) = 1, Γ(3) = 2, Γ(4) = 6 ಎಂದು ಫ್ಯಾಕ್ಟೋರಿಯಲ್‌ಗಳೇ ಒಂದು ಸ್ಥಾನ ಜರುಗಿ ಬರುತ್ತವೆ. Γ(1/2) ಮಾತ್ರ √π. ಈ ಒಂದು ನಂಟನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಬೆಲೆ ಕಂಡುಹಿಡಿಯುವ ಕೆಲಸವೆಲ್ಲ ಇದರ ಮೇಲೆಯೇ ನಿಂತಿದೆ.

ಗ್ಯಾಮಾದ ಅನುಕಲ ಅನಂತದವರೆಗೆ ಹೋಗುತ್ತದೆ, ಅದರೊಳಗೆ e ಇದೆ. ನಮ್ಮ ಲೋಲಕದ ಅನುಕಲಕ್ಕೂ ಅದಕ್ಕೂ ಮುಖಚಹರೆಯಲ್ಲಿ ಹೋಲಿಕೆಯೇ ಇಲ್ಲ. ನಡುವೆ ಸೇತುವೆಯಾಗಿ ನಿಲ್ಲುವುದು ಬೀಟಾ ಫಲನ:

```
B(p, q) = ∫ t^(p−1) (1−t)^(q−1) dt      (t = 0 ಯಿಂದ 1 ವರೆಗೆ)
```

ಇದರ ಆಕಾರವನ್ನು ನಿಧಾನವಾಗಿ ನೋಡಬೇಕು. 0ಯಿಂದ 1ರವರೆಗಿನ ಒಂದು ತುಂಡು ದಾರಿ. ಎಡತುದಿಯಲ್ಲಿ t ಯ ಒಂದು ಘಾತ, ಬಲತುದಿಯಲ್ಲಿ (1−t) ಯ ಒಂದು ಘಾತ, ನಡುವೆ ಬೇರೇನೂ ಇಲ್ಲ. ಒಂದು ಅನುಕಲ ಈ ಮನೆತನಕ್ಕೆ ಸೇರಿದ್ದೋ ಅಲ್ಲವೋ ಎಂದು ತಿಳಿಯಲು ನಾನು ಮೊದಲು ನೋಡುವುದು ಎರಡು ತುದಿಗಳನ್ನೇ. ತುದಿಗಳ ಹತ್ತಿರ ಅದು ಯಾವ ಘಾತದಂತೆ ಏರುತ್ತದೆ ಅಥವಾ ಇಳಿಯುತ್ತದೆ ಎಂಬುದು p ಮತ್ತು q ಗಳನ್ನು ಹೇಳಿಬಿಡುತ್ತದೆ. ನಡುವೆ ಮತ್ತೇನೂ ಉಳಿಯದಂತೆ ಚರಾಕ್ಷರವನ್ನು ಬದಲಿಸಲು ಆದರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಕೆಲಸವನ್ನು ಈ ಸಮೀಕರಣ ಮಾಡುತ್ತದೆ: B(p, q) = Γ(p) Γ(q) / Γ(p+q). ಇದು ಏಕೆ ನಿಜ ಎಂದು ನೋಡುವುದು ಕಷ್ಟವಲ್ಲ. Γ(p) ಯನ್ನು x ನಲ್ಲಿ, Γ(q) ಯನ್ನು y ಯಲ್ಲಿ ಬರೆದು ಗುಣಿಸಿ. ಒಳಗೆ e^(−x−y) ಬರುತ್ತದೆ. ಈಗ x, y ಗಳ ಬದಲು ಅವುಗಳ ಮೊತ್ತ r ಮತ್ತು ಆ ಮೊತ್ತದಲ್ಲಿ x ನ ಪಾಲು t ಎಂದು ಹಿಡಿಯಿರಿ. ಆಗ x = rt, y = r(1−t). ಇಡೀ ಗುಣಲಬ್ಧ ಎರಡು ಹೋಳಾಗುತ್ತದೆ. r ಇರುವ ಹೋಳು r^(p+q−1) e^(−r), ಅದು Γ(p+q). t ಇರುವ ಹೋಳು ಬೀಟಾ. ಮೊತ್ತ ಒಂದು ಕಡೆಗೆ, ಪಾಲು ಇನ್ನೊಂದು ಕಡೆಗೆ ತಾವಾಗಿಯೇ ಬೇರ್ಪಡುತ್ತವೆ. ಗಣಿತದಲ್ಲಿ ಇಷ್ಟು ಚಿಕ್ಕ ವಾದದಿಂದ ಇಷ್ಟು ದೊಡ್ಡ ಫಲ ಸಿಗುವುದು ಅಪರೂಪ.

ಈಗ ಲೋಲಕಕ್ಕೆ ಮರಳೋಣ. ಒಳಗಿರುವುದು cosθ ನ ಘಾತ. ಸೈನ್‌ನ ವರ್ಗ ಮತ್ತು ಕೊಸೈನ್‌ನ ವರ್ಗ ಕೂಡಿದರೆ 1 ಆಗುವುದರಿಂದ t = cos²θ ಎಂದು ಹಿಡಿಯುವುದೇ ಸಹಜ, ಆಗ 1−t ತಾನಾಗಿಯೇ sin²θ. ಅವಕಲಿಸಿದರೆ dθ ಜಾಗದಲ್ಲಿ, ಚಿಹ್ನೆಯನ್ನು ಮಿತಿಗಳ ಅದಲುಬದಲಿನಲ್ಲಿ ಸರಿಪಡಿಸಿಕೊಂಡ ಮೇಲೆ, dt / (2√t √(1−t)) ಬರುತ್ತದೆ. 1/√cosθ ಎಂಬುದು t^(−1/4). ಎರಡನ್ನೂ ಸೇರಿಸಿದರೆ:

```
I = ½ ∫ t^(−3/4) (1−t)^(−1/2) dt = ½ B(1/4, 1/2)
  = ½ Γ(1/4) Γ(1/2) / Γ(3/4)
```

ಘಾತಾಂಕಕ್ಕೆ 1 ಕೂಡಿಸಿದರೆ p ಸಿಗುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು. −3/4 ಎಂಬುದು p = 1/4 ಆಗುತ್ತದೆ, −3/4 ಆಗುವುದಿಲ್ಲ. ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವ ಜಾಗ ಇದು.

ಉತ್ತರದಲ್ಲಿ ಮೂರು ಗ್ಯಾಮಾಗಳಿವೆ. Γ(1/2) ಎಂದರೆ √π ಎಂದು ಗೊತ್ತು. ಉಳಿದ ಎರಡು ಒಂದಕ್ಕೊಂದು ಸಂಬಂಧವಿಲ್ಲದವಲ್ಲ. ಆಯ್ಲರ್‌ನದೇ ಇನ್ನೊಂದು ನಂಟು ಅವನ್ನು ಕಟ್ಟಿಹಾಕುತ್ತದೆ: Γ(s) Γ(1−s) = π / sin(πs). 1/2ರ ಆಚೀಚೆ ಸಮದೂರದಲ್ಲಿರುವ ಎರಡು ಬೆಲೆಗಳನ್ನು ಇದು ಜೋಡಿಸುವುದರಿಂದ ಪ್ರತಿಫಲನ ಸೂತ್ರ ಎನ್ನುತ್ತಾರೆ. s = 1/4 ಹಾಕಿದರೆ Γ(1/4) Γ(3/4) = π√2. ಹಾಗಾಗಿ Γ(3/4) ಯನ್ನು ಓಡಿಸಿಬಿಡಬಹುದು:

```
I = Γ(1/4)² / (2√(2π))
T = √(l/g) × Γ(1/4)² / √π
```

ಇನ್ನು ಬೇಕಿರುವುದು Γ(1/4) ಎಂಬ ಒಂದೇ ಸಂಖ್ಯೆ. ಅದನ್ನು ಕೋಷ್ಟಕದಲ್ಲಿ ನೋಡಬಹುದು, ಆದರೆ ಕೈಯಲ್ಲೇ ಮಾಡಿ ನೋಡಿದರೆ Γ(s+1) = s Γ(s) ಎಂಬ ನಂಟಿನ ಬಲ ಗೊತ್ತಾಗುತ್ತದೆ. ದೊಡ್ಡ s ಗಳಿಗೆ ಗ್ಯಾಮಾದ ಬೆಲೆಯನ್ನು ಸ್ಟರ್ಲಿಂಗ್‌ನ ಸೂತ್ರ ಚೆನ್ನಾಗಿ ಅಂದಾಜಿಸುತ್ತದೆ, 1/4ರಂಥ ಚಿಕ್ಕ ಸಂಖ್ಯೆಗೆ ಅದು ಕೆಲಸಕ್ಕೆ ಬಾರದು. ಆದ್ದರಿಂದ ನಂಟಿನ ಮೆಟ್ಟಿಲು ಹತ್ತಿ 5.25ಕ್ಕೆ ಹೋಗೋಣ. ಹತ್ತುವಾಗ ಗುಣಿಸಬೇಕಾದ ಸಂಖ್ಯೆಗಳು 0.25, 1.25, 2.25, 3.25, 4.25. ಇವುಗಳ ಗುಣಲಬ್ಧ 9.7119. ಅಲ್ಲಿ ಸ್ಟರ್ಲಿಂಗ್ ಸೂತ್ರವಾದ √(2π) s^(s−½) e^(−s) ಹಾಕಿದರೆ 34.658 ಬರುತ್ತದೆ. ಅದಕ್ಕೆ 1 + 1/(12s) ಎಂಬ ಮೊದಲ ತಿದ್ದುಪಡಿ ಗುಣಿಸಿದರೆ 35.208. ಈಗ 9.7119ರಿಂದ ಭಾಗಿಸಿ ಮತ್ತೆ ಕೆಳಗಿಳಿದರೆ Γ(1/4) ಸುಮಾರು 3.6252. ನಿಜವಾದ ಬೆಲೆ 3.6256. ಐದು ಗುಣಾಕಾರ, ಒಂದು ಭಾಗಾಕಾರದಲ್ಲಿ ಇಷ್ಟು ನಿಖರತೆ ಬಂತು. ಇನ್ನಷ್ಟು ಮೆಟ್ಟಿಲು ಹತ್ತಿದರೆ ಇನ್ನಷ್ಟು ನಿಖರ. ನೂರು ಪಟ್ಟಿ ಸೀಳಿದ ಲೆಕ್ಕಕ್ಕೆ ಇದನ್ನು ಹೋಲಿಸಿ ನೋಡಿ.

3.6256ರ ವರ್ಗ 13.145. ಅದನ್ನು √π ನಿಂದ ಭಾಗಿಸಿದರೆ 7.416. ಶಾಲೆಯ ಸೂತ್ರದಲ್ಲಿ ಆ ಜಾಗದಲ್ಲಿದ್ದದ್ದು 2π, ಅಂದರೆ 6.283. 90 ಡಿಗ್ರಿಯಿಂದ ಬಿಟ್ಟ ಲೋಲಕ ಶೇಕಡಾ 18ರಷ್ಟು ನಿಧಾನ. g ಯನ್ನು 9.81 ಎಂದು ಹಿಡಿದರೆ ಒಂದು ಮೀಟರ್ ಲೋಲಕಕ್ಕೆ 2.01 ಸೆಕೆಂಡಿನ ಬದಲು 2.37 ಸೆಕೆಂಡು. ಹತ್ತು ತೂಗಾಟಕ್ಕೆ ಮೂರೂವರೆ ಸೆಕೆಂಡಿಗೂ ಹೆಚ್ಚಿನ ಅಂತರ ಬರಬೇಕು. ಗಾಳಿಯ ತಡೆಯಿಂದ ತೂಗಾಟ ಬೇಗ ಕುಗ್ಗುವುದರಿಂದ ಅಳೆಯುವವರು ಮೊದಲ ಒಂದೆರಡು ಸುತ್ತುಗಳನ್ನೇ ನಂಬಬೇಕು.

ಈ ಅನುಕಲಕ್ಕೆ ಒಂದು ಜೊತೆಗಾರನಿದೆ. cosθ ನ ವರ್ಗಮೂಲವನ್ನು ಕೆಳಗಿಡದೆ ಮೇಲೇ ಇಟ್ಟು ∫ √cosθ dθ ಯನ್ನು ಅದೇ ಮಿತಿಗಳಲ್ಲಿ ತೆಗೆದುಕೊಳ್ಳಿ. ಅದೇ ಬದಲಾವಣೆಯಿಂದ ಅದು ½ B(3/4, 1/2) ಆಗುತ್ತದೆ, ಬೆಲೆ 1.19814. ನಮ್ಮದು 2.62206. ಎರಡರಲ್ಲಿ ಒಂದನ್ನೂ π ಮತ್ತು ವರ್ಗಮೂಲಗಳಲ್ಲಿ ಬರೆಯಲಾಗದು. ಆದರೆ ಎರಡನ್ನೂ ಗುಣಿಸಿ ನೋಡಿ, 3.14159 ಬರುತ್ತದೆ. ಗ್ಯಾಮಾದಲ್ಲಿ ಬರೆದರೆ ಕಾರಣ ಕಣ್ಣಿಗೆ ಕಾಣುತ್ತದೆ. ಮೊದಲನೆಯದರ ಛೇದದಲ್ಲಿರುವ Γ(3/4) ಎರಡನೆಯದರ ಅಂಶದಲ್ಲಿರುವ Γ(3/4) ಯೊಡನೆ ಹೊಡೆದುಹೋಗುತ್ತದೆ. ಎರಡನೆಯದರ ಛೇದದಲ್ಲಿರುವ Γ(5/4) ಎಂದರೆ ¼ Γ(1/4), ಅದು ಮೊದಲನೆಯದರ ಅಂಶದಲ್ಲಿರುವ Γ(1/4) ಯನ್ನು ಹೊಡೆದುಹಾಕುತ್ತದೆ. ಉಳಿಯುವುದು Γ(1/2) ರ ವರ್ಗ, ಅಂದರೆ π. ಎರಡು ಅನುಕಲಗಳನ್ನು ಬಿಡಿಬಿಡಿಯಾಗಿ ಎಷ್ಟು ಹೊತ್ತು ದಿಟ್ಟಿಸಿದರೂ ಈ ಸಂಬಂಧ ಹೊಳೆಯುವುದಿಲ್ಲ.

ಇಷ್ಟು ಚೆಂದದ ಸಾಧನ ಕೈಗೆ ಬಂದಾಗ ಕಂಡಲ್ಲೆಲ್ಲ ಹಾಕುವ ಆಸೆ ಹುಟ್ಟುತ್ತದೆ. ಅಲ್ಲಿಯೇ ಅಪಾಯವೂ ಇದೆ. tanθ ನ p ನೇ ಘಾತವನ್ನು 0ಯಿಂದ π/2ರವರೆಗೆ ಅನುಕಲಿಸಬೇಕಾಗಿದೆ ಎಂದುಕೊಳ್ಳಿ. tan ಎಂದರೆ ಸೈನ್ ಭಾಗಿಸು ಕೊಸೈನ್, ಹಾಗಾಗಿ ಇದೂ ಬೀಟಾ. ಗ್ಯಾಮಾಗಳ ಮೊತ್ತ 1 ಆಗುವುದರಿಂದ ಛೇದದಲ್ಲಿ Γ(1) ಉಳಿದು, ಪ್ರತಿಫಲನ ಸೂತ್ರ ಎಲ್ಲವನ್ನೂ ಶುದ್ಧಗೊಳಿಸುತ್ತದೆ:

```
∫ tan^p θ dθ = ½ Γ((1+p)/2) Γ((1−p)/2) = π / (2 cos(pπ/2))
```

p = 1/2 ಆದಾಗ, ಅಂದರೆ √tanθ ಗೆ, ಉತ್ತರ π/√2. ನೇರ ದಾರಿಯಲ್ಲಿ ಎರಡು ಪುಟ ತುಂಬುವ ಬೀಜಗಣಿತ ಇಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಈಗ p = 2 ಹಾಕಿ ನೋಡಿ. cosπ = −1 ಆದ್ದರಿಂದ ಉತ್ತರ −π/2 ಎಂದು ಸೂತ್ರ ಹೇಳುತ್ತದೆ. ಗ್ಯಾಮಾಗಳ ಮೂಲಕ ಹೋದರೂ ಅದೇ: Γ(3/2) = √π/2, Γ(−1/2) = −2√π, ಗುಣಿಸಿ ಅರ್ಧ ಮಾಡಿದರೆ −π/2. ಆದರೆ tan²θ ಎಲ್ಲಿಯೂ ಋಣವಲ್ಲ. ಋಣವಲ್ಲದ ಎತ್ತರಗಳನ್ನು ಕೂಡಿಸಿ ಋಣ ವಿಸ್ತೀರ್ಣ ಹೇಗೆ ಬಂದೀತು?

ತಪ್ಪು ಕೂಡುಕಳೆಯದಲ್ಲ. tan²θ ದ ಅನುಕಲ 90 ಡಿಗ್ರಿಯ ತುದಿಯಲ್ಲಿ ಅನಂತಕ್ಕೆ ಹಾರಿಹೋಗುತ್ತದೆ, ಅದಕ್ಕೆ ಬೆಲೆಯೇ ಇಲ್ಲ. ಗ್ಯಾಮಾ ಫಲನಕ್ಕೆ ಮಾತ್ರ ಋಣ ಸಂಖ್ಯೆಗಳಲ್ಲೂ ಬೆಲೆಯಿದೆ, ಏಕೆಂದರೆ Γ(s) = Γ(s+1)/s ಎಂಬ ನಂಟನ್ನು ಹಿಂದಕ್ಕೆ ನಡೆಸಿ ಅದನ್ನು ಅಲ್ಲಿಗೆ ವಿಸ್ತರಿಸಿಕೊಂಡಿದ್ದೇವೆ. ಆ ವಿಸ್ತರಿಸಿದ ಭಾಗದಲ್ಲಿ ಗ್ಯಾಮಾ ಮೂಲ ಅನುಕಲದ ಬೆಲೆಯಾಗಿ ಉಳಿದಿಲ್ಲ. ಆದ್ದರಿಂದ ಬೀಟಾದ p, q ಎರಡೂ ಸೊನ್ನೆಗಿಂತ ಹೆಚ್ಚಿವೆಯೇ ಎಂದು ನೋಡಿದ ಮೇಲೆಯೇ ಸೂತ್ರಕ್ಕೆ ಹೋಗಬೇಕು. tan ನ ಉದಾಹರಣೆಯಲ್ಲಿ ಇದರ ಅರ್ಥ, ಘಾತ −1 ಮತ್ತು 1ರ ನಡುವೆ ಇರಬೇಕು. p = 1 ಆದರೆ Γ(0) ಎದುರಾಗಿ ಸೂತ್ರವೇ ಅನಂತ ಎಂದು ಕೂಗಿ ಹೇಳುತ್ತದೆ. p = 2ರಲ್ಲಿ ಅದು ಎಚ್ಚರಿಸುವುದಿಲ್ಲ, ಸಭ್ಯವಾದ ಸಂಖ್ಯೆಯನ್ನೇ ಕೊಟ್ಟುಬಿಡುತ್ತದೆ. ಈ ಎರಡನೆಯ ಬಗೆಯ ತಪ್ಪೇ ಹೆಚ್ಚು ಕೆಟ್ಟದ್ದು. ಉತ್ತರದ ಚಿಹ್ನೆಯನ್ನೂ ಗಾತ್ರವನ್ನೂ ಸ್ಥೂಲವಾಗಿ ಅಂದಾಜಿಸಿ ನೋಡುವ ಅಭ್ಯಾಸವೊಂದೇ ಅದನ್ನು ಹಿಡಿಯುತ್ತದೆ. ಲೋಲಕದ ಲೆಕ್ಕದಲ್ಲೂ ಹಾಗೆಯೇ: 1/√cosθ ಎಲ್ಲೆಡೆ 1 ಅಥವಾ ಅದಕ್ಕಿಂತ ಹೆಚ್ಚು, ದಾರಿಯ ಉದ್ದ 1.571, ಆದ್ದರಿಂದ ಉತ್ತರ 1.571ನ್ನು ಮೀರಲೇಬೇಕು. 2.622 ಮೀರಿದೆ.

ಸಾಧನಕ್ಕೆ ಅದರದೇ ಎಲ್ಲೆಯೂ ಇದೆ. ಅದೇ ಲೋಲಕವನ್ನು 60 ಡಿಗ್ರಿಯಿಂದ ಬಿಟ್ಟರೆ ವರ್ಗಮೂಲದೊಳಗೆ cosθ ಬದಲು cosθ − cos60° ಬರುತ್ತದೆ. 90 ಡಿಗ್ರಿಯಲ್ಲಿ ಕಳೆಯಬೇಕಾದ ಪದ ಸೊನ್ನೆಯಾಗಿ ಬರೀ ಘಾತ ಉಳಿದಿತ್ತು. ಇಲ್ಲಿ ಅದು ಉಳಿಯುವುದಿಲ್ಲ. t = cos²θ ಹಾಕಿದರೆ ಮೂರನೆಯ ಅಪವರ್ತನವೊಂದು ನಡುವೆ ನಿಲ್ಲುತ್ತದೆ, ಬೀಟಾದ ಆಕಾರ ಕೆಡುತ್ತದೆ. ಇಂಥ ಕೋನಗಳಿಗೆ ಗೌಸ್ ತೋರಿಸಿದ ದಾರಿ ಒಳ್ಳೆಯದು: 1 ಮತ್ತು ಅರ್ಧಕೋನದ ಕೊಸೈನ್ ಇವೆರಡರ ಸಮಾಂತರ ಸರಾಸರಿಯನ್ನೂ ಗುಣೋತ್ತರ ಸರಾಸರಿಯನ್ನೂ ಮತ್ತೆ ಮತ್ತೆ ತೆಗೆಯುತ್ತ ಹೋದರೆ ಎರಡೂ ಒಂದೇ ಸಂಖ್ಯೆಗೆ ಬಂದು ಕೂಡುತ್ತವೆ. ಶಾಲೆಯ ಸೂತ್ರವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಸರಿಯಾದ ಆವರ್ತಕಾಲ. 60 ಡಿಗ್ರಿಗೆ 1 ಮತ್ತು 0.8660ರಿಂದ ಶುರುಮಾಡಿದರೆ ಎರಡೇ ಸುತ್ತಿನಲ್ಲಿ 0.93181 ಸಿಗುತ್ತದೆ, ಅಂದರೆ ಶೇಕಡಾ 7.3ರಷ್ಟು ನಿಧಾನ.

ಎಲ್ಲೆಯ ಆಚೆಗೂ ಕೆಲವು ಕೋನಗಳು ಗ್ಯಾಮಾಕ್ಕೆ ಒಲಿಯುತ್ತವೆ. 30 ಡಿಗ್ರಿ ಮತ್ತು 150 ಡಿಗ್ರಿಯ ಆವರ್ತಕಾಲಗಳು Γ(1/3) ರ ಘನದಲ್ಲಿ ಬರುತ್ತವೆ. ಯಾವ ಕೋನಗಳಲ್ಲಿ ಹೀಗಾಗುತ್ತದೆ ಎಂಬುದರ ಹಿಂದೆ ಸಂಖ್ಯಾಶಾಸ್ತ್ರದ ಆಳವಾದ ಕಾರಣವಿದೆ. ಅದನ್ನು ವಿವರಿಸುವ ಪ್ರಮೇಯ ಭಾರತದ ಸರ್ವದಮನ್ ಚೌಲಾ ಮತ್ತು ನಾರ್ವೆಯ ಅಟ್ಲೆ ಸೆಲ್ಬರ್ಗ್ ಅವರದು. 1949ರಲ್ಲಿ ಅದನ್ನು ಪ್ರಕಟಿಸಿದ ಅವರು 1967ರಲ್ಲಿ ಸವಿವರವಾಗಿ ಬರೆದರು.

Γ(1/4) ಅನ್ನು π ಯಲ್ಲಿ ಬರೆಯಲು ಯಾಕೆ ಆಗುವುದಿಲ್ಲ ಎಂದು ಕೇಳಬಹುದು. ಪ್ರಯತ್ನ ಸಾಲದೆ ಅಲ್ಲ. Γ(1/4) ಮತ್ತು π ಇವೆರಡನ್ನೂ ಪೂರ್ಣಾಂಕ ಸಹಗುಣಕಗಳ ಯಾವ ಬಹುಪದೋಕ್ತಿ ಸಮೀಕರಣವೂ ಕಟ್ಟಿಹಾಕಲಾರದು ಎಂದು 1976ರಲ್ಲಿ ಗ್ರೆಗರಿ ಚುಡ್ನೋವ್ಸ್ಕಿ ಸಾಧಿಸಿದ. ಹಾಗಾಗಿ ಲೋಲಕದ ಉತ್ತರದಲ್ಲಿ Γ(1/4) ಹಾಗೇ ಉಳಿಯುತ್ತದೆ, ಅದನ್ನು ಇನ್ನೂ ಸರಳಗೊಳಿಸಲು ಬರುವುದಿಲ್ಲ.

ಓದುಗರಿಗೆ ಒಂದು ಕೆಲಸ. 1/(1+x⁴) ಎಂಬುದನ್ನು 0ಯಿಂದ ಅನಂತದವರೆಗೆ ಅನುಕಲಿಸಿ. t = 1/(1+x⁴) ಎಂದು ಹಿಡಿದು, p ಮತ್ತು q ಸೊನ್ನೆಗಿಂತ ಹೆಚ್ಚಿವೆಯೇ ಎಂದು ಮೊದಲು ನೋಡಿ, ಆಮೇಲೆ ಪ್ರತಿಫಲನ ಸೂತ್ರ ಹಾಕಿ. ಉತ್ತರ π/(2√2), ಸುಮಾರು 1.1107 ಬರಬೇಕು.